ವರದಿಯ ಹನ್ನೊಂದನೆಯ ವಾಕ್ಯ

14 ಮಾರ್ಚ್ 2026, ಶನಿವಾರ

ಕಳೆದ ವಾರದ ಪ್ರಥಮ ಚಿಕಿತ್ಸಾ ತರಬೇತಿಯ ವರದಿ ಬರೆದು ಮುಗಿಸಿದ್ದೆ. ಸ್ವಾಗತ, ಪ್ರಾಸ್ತಾವಿಕ ಮಾತು, ಪ್ರಾತ್ಯಕ್ಷಿಕೆ, ವಂದನಾರ್ಪಣೆ. ಎಲ್ಲವೂ ನಡೆದ ಕ್ರಮದಲ್ಲೇ ಇದ್ದವು. ಇಂದು ಬೆಳಿಗ್ಗೆ ಓದಿದರೆ ನನಗೇ ಆಕಳಿಕೆ ಬಂತು. ಆಹ್ವಾನ ಪತ್ರಿಕೆಯ ಕ್ರಿಯಾಪದಗಳನ್ನು ಭೂತಕಾಲಕ್ಕೆ ತಿರುಗಿಸಿದ್ದೆ, ಅಷ್ಟೆ.

ಬಂದಿದ್ದವರಲ್ಲಿ ಮೂವರಿಗೆ ಫೋನ್ ಮಾಡಿ, "ಅಂದು ಮನೆಗೆ ಹೋಗಿ ಏನು ಹೇಳಿದಿರಿ?" ಎಂದು ಕೇಳಿದೆ. "ಕಾರ್ಯಕ್ರಮ ಹೇಗಿತ್ತು?" ಎಂದು ಕೇಳಿದ್ದರೆ "ಚೆನ್ನಾಗಿತ್ತು" ಎಂಬ ಉತ್ತರವಷ್ಟೇ ಸಿಗುತ್ತಿತ್ತು. ಒಬ್ಬರು ಮೈಕ್ ಕೈಕೊಟ್ಟಿದ್ದನ್ನು ನೆನೆದು ನಕ್ಕರು. ಉಳಿದಿಬ್ಬರೂ ಹೇಳಿದ್ದು ಒಂದೇ ಗಳಿಗೆಯನ್ನು. ನನ್ನ ವರದಿಯಲ್ಲಿ ಅದು ಹನ್ನೊಂದನೆಯ ವಾಕ್ಯವಾಗಿತ್ತು: "ಶಿಬಿರಾರ್ಥಿಗಳು ಉತ್ಸಾಹದಿಂದ ಪಾಲ್ಗೊಂಡರು."

ನಡೆದದ್ದು ಇದು. ಹೃದಯ ನಿಂತವರ ಎದೆ ಒತ್ತುವುದನ್ನು ಕಲಿಯಲು ವಯಸ್ಸಾದ ಮಹಿಳೆಯೊಬ್ಬರು ಬೊಂಬೆಯ ಎದೆ ಒತ್ತುತ್ತಿದ್ದರು. ಒಂದು ನಿಮಿಷವೂ ಆಗಿರಲಿಲ್ಲ, ಏದುಸಿರು ಬಿಡುತ್ತಾ ತಲೆಯೆತ್ತಿ, "ಇನ್ನೂ ಎಷ್ಟು ಹೊತ್ತು?" ಎಂದರು. "ಆಂಬುಲೆನ್ಸ್ ಬರುವವರೆಗೆ" ಎಂದರು ತರಬೇತುದಾರರು. ಯಾರೂ ಹೇಳದಿದ್ದರೂ ಪಕ್ಕದಲ್ಲಿದ್ದ ಹುಡುಗ ಮೊಣಕಾಲೂರಿ ಕುಳಿತು, ಆ ಮಹಿಳೆ ಕೈ ತೆಗೆದ ಕೂಡಲೇ ತನ್ನ ಕೈಯಿಟ್ಟ.

ಮೈಕಿನ ಪ್ರಸಂಗ ಇದಕ್ಕಿಂತ ತಮಾಷೆಯದು, ನಿಜ. ಆದರೆ ಅದು ಯಾವ ಸಭೆಯಲ್ಲಾದರೂ ನಡೆಯಬಹುದು. ಅದರ ಹಿಂದೆ ಪ್ರಥಮ ಚಿಕಿತ್ಸೆಯ ಒಂದು ಮಾತೂ ಬರುವುದಿಲ್ಲ. ಈ ಪ್ರಶ್ನೆಯ ಹಿಂದೆ ಮಾತ್ರ ತರಬೇತಿಯ ತಿರುಳೇ ತಾನಾಗಿ ಬಂತು. ನಿಮಿಷಕ್ಕೆ 100ರಿಂದ 120 ಬಾರಿ, ಸುಮಾರು 5 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ದಣಿದರೆ ಒತ್ತಡ ಕಡಿಮೆಯಾಗುವುದರಿಂದ ಎರಡು ನಿಮಿಷಕ್ಕೊಮ್ಮೆ ಕೈ ಬದಲಾಗಬೇಕು. ಮೊದಲ ಕರಡಿನಲ್ಲಿ ಒಣಗಿ ಬಿದ್ದಿದ್ದ ಈ ಅಂಕಿಗಳು ಈಗ ಆ ಮಹಿಳೆಯ ಪ್ರಶ್ನೆಗೆ ಉತ್ತರಗಳಾದವು.

ಹೊಸ ಕರಡಿನ ಮೊದಲ ಸಾಲೇ "ಇನ್ನೂ ಎಷ್ಟು ಹೊತ್ತು?" ಎಂದಾಯಿತು. ಆದರೆ ಎರಡನೆಯ ಪ್ಯಾರಾದಲ್ಲಿ ಕೈ ಹಳೆಯ ಚಾಳಿಗೆ ಬಿತ್ತು: "ಕಾರ್ಯಕ್ರಮವು ಬೆಳಿಗ್ಗೆ ಹತ್ತಕ್ಕೆ..." ಹೊಡೆದು ಹಾಕಿದೆ. ಎಲ್ಲಿ, ಯಾವಾಗ, ಎಷ್ಟು ಜನ ಎಂಬುದು ಮೂರನೆಯ ಪ್ಯಾರಾದ ಎರಡು ವಾಕ್ಯಗಳಲ್ಲಿ ಮುಗಿಯಿತು. ಗಣ್ಯರ ಹೆಸರುಗಳು ಕೊನೆಯಲ್ಲಿ ಒಂದು ಚೌಕಟ್ಟಿನೊಳಗೆ ಕುಳಿತವು. ಕಾರ್ಯದರ್ಶಿಗಳು ಗೊಣಗಿ ಒಪ್ಪಿದರು. "ಇಡೀ ಸಭಾಂಗಣ ಸ್ತಬ್ಧವಾಯಿತು" ಎಂದೂ ಬರೆದಿದ್ದೆ. ಸುಳ್ಳು. ಹಿಂದಿನ ಸಾಲಿನಲ್ಲಿ ಯಾರದೋ ಮೊಬೈಲ್ ಬಡಿದುಕೊಳ್ಳುತ್ತಿತ್ತು. ಅದನ್ನೇ ಬರೆದೆ.

ಸಂಜೆ ಆ ಮಹಿಳೆಗೆ ಫೋನ್ ಮಾಡಿ ಓದಿ ಹೇಳಿ, ಒಪ್ಪಿಗೆ ಕೇಳಿದೆ. "ಹೆಸರು ಬೇಡ" ಎಂದರು. ಸ್ವಲ್ಪ ತಡೆದು, "ಆಮೇಲೆ ಲೋಟ ಹಿಡಿಯುವಾಗಲೂ ಕೈ ನಡುಗುತ್ತಿತ್ತು, ಅದನ್ನು ನೀವು ಬರೆದೇ ಇಲ್ಲವಲ್ಲ" ಎಂದರು.

ನಾನು ಅದನ್ನು ನೋಡಿರಲೇ ಇಲ್ಲ.