ಹಾಲು ಒಡೆಸಿ ತಿಳಿ ಮಾಡಿದ ಪಂಚ್: ಮೂರು ಸಲದ ಟಿಪ್ಪಣಿ

ಮಿಲ್ಕ್ ಪಂಚ್ ಅಂದರೆ ಹಾಲು ಬೆರೆಸಿದ ಬೆಳ್ಳಗಿನ ಪಾನೀಯ ಅಂತ ನಾನೂ ಅಂದುಕೊಂಡಿದ್ದೆ. ಅದೂ ಒಂದಿದೆ. ಆದರೆ ನಾನು ಹಿಂದೆ ಬಿದ್ದಿರುವುದು ಇನ್ನೊಂದರ. ಇದರಲ್ಲಿ ಹಾಲನ್ನು ಬೇಕಂತಲೇ ಒಡೆಸಿ, ಒಡಕನ್ನು ಸೋಸಿ ತೆಗೆಯುತ್ತಾರೆ. ಕೊನೆಗೆ ಉಳಿಯುವುದು ನೀರಿನಷ್ಟು ತಿಳಿಯಾದ, ತೆಳು ಹೊಂಬಣ್ಣದ ಪಾನೀಯ.

ಶುರು ಮಾಡಿದ್ದು ಬೆಂಜಮಿನ್ ಫ್ರಾಂಕ್ಲಿನ್ ಅವರ ವಿಧಾನದಿಂದ. 1763ರಲ್ಲಿ ಅವರು ಬಾಸ್ಟನ್ನಿನ ಗೆಳೆಯ ಜೇಮ್ಸ್ ಬೋಡಿನ್ ಅವರಿಗೆ ಇದನ್ನು ಬರೆದು ಕಳಿಸಿದ್ದರು. ಅದರ ಅಳತೆ ದೊಡ್ಡದು: 6 ಕ್ವಾರ್ಟ್ ಬ್ರಾಂದಿ, 44 ನಿಂಬೆಯ ಸಿಪ್ಪೆ, 4 ಕ್ವಾರ್ಟ್ ನೀರು, 2 ಕ್ವಾರ್ಟ್ ನಿಂಬೆರಸ, 2 ಪೌಂಡ್ ಸಕ್ಕರೆ, 4 ಜಾಯಿಕಾಯಿ, 3 ಕ್ವಾರ್ಟ್ ಹಾಲು. ಒಂದು ಕ್ವಾರ್ಟ್ ಅಂದರೆ ಒಂದು ಲೀಟರಿಗೆ ಸ್ವಲ್ಪ ಕಡಿಮೆ. ನಾನು ಅದನ್ನು ಮನೆ ಅಳತೆಗೆ ಇಳಿಸಿಕೊಂಡೆ. 300 ಮಿಲಿ ಬ್ರಾಂದಿ, 200 ಮಿಲಿ ನೀರು, 100 ಮಿಲಿ ನಿಂಬೆರಸ, 50 ಗ್ರಾಂ ಸಕ್ಕರೆ, ಒಂದು ಚೂರು ಜಾಯಿಕಾಯಿ ತುರಿ, 150 ಮಿಲಿ ಹಾಲು. ಅಂದರೆ ನಾಲ್ಕು ಪಾಲು ಪಂಚಿಗೆ ಒಂದು ಪಾಲು ಹಾಲು. ಈಗಲೂ ಇದನ್ನು ಮಾಡುವವರು ಹೆಚ್ಚು ಕಡಿಮೆ ಇದೇ ಲೆಕ್ಕ ಇಟ್ಟುಕೊಳ್ಳುತ್ತಾರೆ.

ಮೊದಲ ಸಲ

ಆರು ನಿಂಬೆಹಣ್ಣಿನ ಸಿಪ್ಪೆಯನ್ನು ತೆಳ್ಳಗೆ ಹೆರೆದು ಬ್ರಾಂದಿಯಲ್ಲಿ ಒಂದು ಇಡೀ ದಿನ ನೆನೆಸಿದೆ. ನಮ್ಮ ನಿಂಬೆಯ ಸಿಪ್ಪೆ ತೀರಾ ತೆಳು. ಕೈ ಸ್ವಲ್ಪ ಭಾರವಾದರೂ ಒಳಗಿನ ಬಿಳಿ ಭಾಗ ಬಂದು ಕಹಿಯಾಗುತ್ತದೆ, ಹಾಗಾಗಿ ನಿಧಾನವಾಗಿ ಹೆರೆಯಬೇಕು. ಮರುದಿನ ಸಿಪ್ಪೆ ತೆಗೆದು ನೀರು, ರಸ, ಸಕ್ಕರೆ, ಜಾಯಿಕಾಯಿ ಬೆರೆಸಿದೆ. ಹಾಲು ಕಾಯಿಸಿ, ಫ್ರಾಂಕ್ಲಿನ್ ಹೇಳಿದ ಹಾಗೆಯೇ ಬಿಸಿ ಹಾಲನ್ನು ಪಂಚಿಗೆ ಸುರಿದೆ. ತಕ್ಷಣ ಒಡೆಯಿತು. ಆದರೆ ಒಡಕು ರವೆಯ ಹಾಗೆ ಸಣ್ಣ ಸಣ್ಣ ಕಾಳಾಗಿತ್ತು.

ಎರಡು ಗಂಟೆ ಬಿಟ್ಟು ಪಂಚೆ ಬಟ್ಟೆಯಲ್ಲಿ ಸೋಸಿದೆ. ಹನಿ ತುಂಬಾ ನಿಧಾನವಾಗಿ ಬೀಳುತ್ತಿತ್ತು. ಪನೀರ್ ಮಾಡಿ ಅಭ್ಯಾಸವಾದ ಕೈ, ಬಟ್ಟೆ ಗಂಟು ಕಟ್ಟಿ ಹಿಂಡಿಬಿಟ್ಟೆ. ಅಲ್ಲಿಗೆ ಕೆಲಸ ಕೆಟ್ಟಿತು. ಗಂಜಿ ತಿಳಿಯ ಹಾಗೆ ಮಬ್ಬಾದ ನೀರು ಇಳಿಯಿತು, ಮತ್ತೆ ಎರಡು ಸಲ ಸೋಸಿದರೂ ಮಬ್ಬು ಹೋಗಲಿಲ್ಲ. ಪನೀರಿಗೆ ನಮಗೆ ಬೇಕಾದದ್ದು ಬಟ್ಟೆಯ ಒಳಗೆ ಉಳಿಯುವುದು. ಇಲ್ಲಿ ಬೇಕಾದದ್ದು ಕೆಳಗೆ ಬೀಳುವುದು. ಹಿಂಡಿದರೆ ಒಡಕಿನ ಪುಡಿಯೂ ಅದರ ಜೊತೆ ಹೊರಗೆ ಬರುತ್ತದೆ.

ಎರಡನೇ ಸಲ

ಈ ಸಲ ಸುರಿಯುವ ಕ್ರಮ ತಿರುಗಿಸಿದೆ. ಬಿಸಿ ಹಾಲನ್ನು ಅಗಲ ಪಾತ್ರೆಗೆ ಹಾಕಿ, ಒಲೆಯಿಂದ ದೂರ ಇಟ್ಟು, ಪಂಚನ್ನು ಸಣ್ಣ ಧಾರೆಯಲ್ಲಿ ಅದರೊಳಗೆ ಬಿಟ್ಟೆ. ಒಲೆ ಆರಿಸಿಯೇ ಇದನ್ನು ಮಾಡಬೇಕು. ಬಿಸಿ ತಗುಲಿದಾಗ ಬ್ರಾಂದಿಯ ಆವಿ ಏಳುತ್ತದೆ, ಅದಕ್ಕೆ ಬೆಂಕಿ ಹತ್ತಬಹುದು.

ವ್ಯತ್ಯಾಸ ಕಣ್ಣಿಗೇ ಕಾಣಿಸಿತು. ಮೊದಲ ಸ್ವಲ್ಪ ಹೊತ್ತು ಹಾಲು ಹಾಲಾಗಿಯೇ ಇತ್ತು. ಆಮೇಲೆ ದಪ್ಪಗಾಯಿತು. ನಂತರ ಮೋಡದ ಹಾಗೆ ದೊಡ್ಡ, ಮೆತ್ತನೆಯ ಗಡ್ಡೆಗಳು ಬಿಡಿಸಿಕೊಂಡವು, ನಡುನಡುವೆ ತಿಳಿ ನೀರು.

ಯಾಕೆ ಹೀಗೆ? ಹಾಲು ಬೆಳ್ಳಗೆ ಕಾಣುವುದು ಅದರಲ್ಲಿ ತೇಲುವ ಕೊಬ್ಬಿನ ಹನಿಗಳಿಂದ ಮತ್ತು ಕೇಸಿನ್ ಎಂಬ ಪ್ರೋಟೀನಿನ ಉಂಡೆಗಳಿಂದ. ಕಣ್ಣಿಗೆ ಕಾಣದ ಈ ಉಂಡೆಗಳ ಮೇಲೆ ಒಂದೇ ಬಗೆಯ ವಿದ್ಯುದಂಶ ಇರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತಿರುತ್ತವೆ. ಹುಳಿ ಸೇರಿದ ಹಾಗೆ ಆ ತಳ್ಳಾಟ ಕಡಿಮೆಯಾಗುತ್ತದೆ. ಪಿಎಚ್ 4.6ರ ಹತ್ತಿರ ಬಂದಾಗ ಅದು ಇಲ್ಲವೇ ಇಲ್ಲ ಎನ್ನುವಷ್ಟಾಗಿ, ಎಲ್ಲಾ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹುಳಿಯ ರಾಶಿಗೆ ಹಾಲು ಸುರಿದರೆ ಪ್ರತಿ ಹನಿಯೂ ಬಿದ್ದಲ್ಲೇ ಗಟ್ಟಿಯಾಗಿ ಕಾಳಾಗುತ್ತದೆ. ಹಾಲಿಗೆ ಹುಳಿ ಸುರಿದರೆ ಹುಳಿ ಮೆಲ್ಲಗೆ ಏರುತ್ತದೆ, ಒಡಕು ಇಡೀ ಪಾತ್ರೆಯಲ್ಲಿ ಬಲೆಯ ಹಾಗೆ ಹರಡಿ ಕಟ್ಟಿಕೊಳ್ಳುತ್ತದೆ. ಆ ಬಲೆಗೆ ಕೊಬ್ಬು, ನಿಂಬೆಯ ತಿರುಳು, ಜಾಯಿಕಾಯಿಯ ಪುಡಿ ಎಲ್ಲಾ ಸಿಕ್ಕಿಬೀಳುತ್ತವೆ.

ಸೋಸುವುದರಲ್ಲೂ ಒಂದು ಸೂಕ್ಷ್ಮ ಇದೆ. ನಿಜವಾದ ಜರಡಿ ಬಟ್ಟೆ ಅಲ್ಲ, ಬಟ್ಟೆಯ ಮೇಲೆ ಕೂತ ಒಡಕು. ಅದಕ್ಕೇ ಮೊದಲು ಇಳಿದ ಒಂದು ಲೋಟ ಮಬ್ಬಾಗಿಯೇ ಇರುತ್ತದೆ. ಅದನ್ನು ಸೌಟಿನಲ್ಲಿ ಒಡಕಿನ ಮೇಲೆಯೇ, ಪದರ ಕದಡದ ಹಾಗೆ, ಮತ್ತೆ ಹಾಕಿದೆ. ಎರಡನೇ ಸಲ ಹಾಕಿದ ಮೇಲೆ ಹನಿ ತಿಳಿಯಾಯಿತು. ಪಾತ್ರೆ ಸಮೇತ ಫ್ರಿಜ್ಜಿನಲ್ಲಿಟ್ಟು ಮಲಗಿದೆ. ಬೆಳಿಗ್ಗೆ ಸುಮಾರು 600 ಮಿಲಿ ಇಳಿದಿತ್ತು.

ತಿಳಿಯಾಗಿದೆಯೋ ಇಲ್ಲವೋ ನೋಡಲು ಕತ್ತಲೆಯಲ್ಲಿ ಮೊಬೈಲಿನ ಟಾರ್ಚನ್ನು ಬಾಟಲಿಯ ಪಕ್ಕದಿಂದ ಹಿಡಿಯುತ್ತೇನೆ. ಒಳಗೆ ಬೆಳಕಿನ ದಾರಿ ಹೊಗೆಯ ಕೋಲಿನ ಹಾಗೆ ದಪ್ಪಗೆ ಕಂಡರೆ ಇನ್ನೂ ಕಣಗಳಿವೆ ಅಂತ ಅರ್ಥ. ಮೊದಲ ಬಾಟಲಿಯಲ್ಲಿ ಆ ಕೋಲು ಚೆನ್ನಾಗಿಯೇ ಕಂಡಿತು. ಎರಡನೆಯದರಲ್ಲಿ ತೀರಾ ಮಸುಕು.

ಮೂರನೇ ಸಲ

ತಿಳಿ ಬರುವುದು ಗೊತ್ತಾಯಿತು. ಹಾಲು ಒಡೆಸಿ ಸೋಸಿದರೆ ರುಚಿಯೂ ಮೆತ್ತಗಾಗುತ್ತದೆ ಅನ್ನುತ್ತಾರೆ, ಅದನ್ನು ಸರಿಯಾಗಿ ಪರೀಕ್ಷೆ ಮಾಡಬೇಕಿತ್ತು. ಅದಕ್ಕೆ ನೀರಿನ ಬದಲು 200 ಮಿಲಿ ಕಡು ಡಿಕಾಕ್ಷನ್ ಹಾಕಿದೆ, ಕಾಫಿಯದ್ದಲ್ಲ, ಟೀಯದ್ದು. 10 ಗ್ರಾಂ ಟೀ ಪುಡಿಯನ್ನು ಕುದಿನೀರಿನಲ್ಲಿ ಹತ್ತು ನಿಮಿಷ ಬಿಟ್ಟರೆ ಕುಡಿಯಲಾಗದಷ್ಟು ಒಗರಾಗುತ್ತದೆ. ಹಾಲು ಹಾಕುವ ಮೊದಲು ಒಂದು ಲೋಟ ಪಂಚನ್ನು ಪಕ್ಕಕ್ಕೆ ತೆಗೆದಿಟ್ಟೆ. ಉಳಿದದ್ದರ ಕಾಲು ಭಾಗದಷ್ಟು ಹಾಲು ತೆಗೆದುಕೊಂಡೆ.

ಮರುದಿನ ಎರಡನ್ನೂ ಅಕ್ಕನಿಗೆ ಕೊಟ್ಟೆ, ಯಾವುದು ಯಾವುದು ಅಂತ ಹೇಳದೆ, ಕಣ್ಣು ಮುಚ್ಚಿಸಿ. ಹಾಲು ಕಾಣದ ಪಂಚಿನ ಒಂದು ಗುಟುಕಿಗೇ ಮುಖ ಹಿಂಡಿದಳು. "ನಾಲಿಗೆ ಎಲ್ಲಾ ದರದರ ಅಂತಿದೆ ಕಣೋ" ಅಂದಳು. ಸೋಸಿದ್ದನ್ನು ಕುಡಿದು ಸ್ವಲ್ಪ ಹೊತ್ತು ಸುಮ್ನಿದ್ದಳು. "ಟೀ ಅಂತ ಗೊತ್ತಾಗುತ್ತೆ. ಒಗರು ಎಲ್ಲೋಯ್ತು?"

ಒಗರು ಒಡಕಿನೊಳಗೆ ಹೋಗಿತ್ತು. ಟೀಯಲ್ಲಿರುವ ಟ್ಯಾನಿನ್ ನಮ್ಮ ಎಂಜಲಿನ ಪ್ರೋಟೀನಿಗೆ ಅಂಟಿಕೊಂಡಾಗ ನಾಲಿಗೆ ಒಣಗಿದ ಹಾಗೆ ಆಗುತ್ತದೆ, ಅದೇ ಒಗರು. ಕೇಸಿನ್‌ಗೂ ಟ್ಯಾನಿನ್ ಹಾಗೆಯೇ ಅಂಟುತ್ತದೆ. ನಾಲಿಗೆಯ ಮೇಲೆ ಆಗಬೇಕಾದದ್ದು ಪಾತ್ರೆಯಲ್ಲೇ ಆಗಿಹೋಗುತ್ತದೆ. ಬಟ್ಟೆಯಲ್ಲಿ ಉಳಿದ ಒಡಕು ಕಂದು ಬಣ್ಣಕ್ಕೆ ತಿರುಗಿತ್ತು. ಒಂದು ಚೂರು ಬಾಯಿಗಿಟ್ಟು ನೋಡಿದೆ, ಎಳೆ ಬಾಳೆಕಾಯಿ ಕಚ್ಚಿದ ಹಾಗಿತ್ತು.

ಆದರೆ ಹುಳಿ ಹೆಚ್ಚೇನೂ ಇಳಿದಿರಲಿಲ್ಲ, ಸಿಹಿಯೂ ಅಷ್ಟೇ. ನಿಂಬೆ ಜಾಸ್ತಿಯಾದ ಪಂಚನ್ನು ಹಾಲು ಸರಿ ಮಾಡುತ್ತದೆ ಅಂತ ನಂಬಿ ಕೂತರೆ ಆಗುವುದಿಲ್ಲ. ಮದ್ಯವೂ ಅಲ್ಲೇ ಇರುತ್ತದೆ. ಬಾಯಿಗೆ ಮೆತ್ತಗಿದೆ ಅಂತ ದೊಡ್ಡ ಲೋಟದಲ್ಲಿ ಕುಡಿಯುವ ವಸ್ತು ಅಲ್ಲ ಇದು, ಅಕ್ಕನಿಗೂ ಅದನ್ನೇ ಹೇಳಿದೆ. ಪರಿಮಳದಲ್ಲೂ ನಷ್ಟ ಲಾಭ ಎರಡೂ ಇವೆ. ಕೊಬ್ಬಿನ ಜೊತೆ ನಿಂಬೆ ಸಿಪ್ಪೆಯ ಎಣ್ಣೆ ಸ್ವಲ್ಪ ಹೋಗುತ್ತದೆ, ಘಾಟು ತಗ್ಗುತ್ತದೆ.

ಇನ್ನೊಂದು ಮಾತು ಹೇಳಲೇಬೇಕು. ನೀರಿನ ಹಾಗೆ ತಿಳಿಯಾಗಿದ್ದರೂ ಅದರಲ್ಲಿ ಹಾಲಿನ ಅಂಶ ಇದೆ. ಕೇಸಿನ್ ಹೋದರೂ ಒಡೆದ ಹಾಲಿನ ನೀರಿನಲ್ಲಿರುವ ಪ್ರೋಟೀನ್, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಅಲ್ಲೇ ಉಳಿಯುತ್ತವೆ. ಪಾನೀಯ ನುಣುಪಾಗಿ ಗಂಟಲಿಗೆ ಇಳಿಯುವುದು, ಐಸ್ ಹಾಕಿ ಕುಲುಕಿದರೆ ನೊರೆ ಏಳುವುದು ಅದರಿಂದಲೇ. ಹಾಲು ಅಲರ್ಜಿ ಇರುವವರಿಗೆ ಕೊಡಬಾರದು. ನೋಡಿದರೆ ಯಾರಿಗೂ ಗೊತ್ತಾಗುವುದಿಲ್ಲ, ಹಾಗಾಗಿ ಬಾಟಲಿಯ ಮೇಲೆ "ಹಾಲು ಇದೆ" ಅಂತ ಚೀಟಿ ಅಂಟಿಸಿದ್ದೇನೆ.

ಮೂರನೇ ಬಾಟಲಿ ಫ್ರಿಜ್ಜಿನಲ್ಲಿ ನಾಲ್ಕು ದಿನದಿಂದ ಇದೆ. ತಳದಲ್ಲಿ ದಾರದಷ್ಟು ತೆಳುವಾದ ಬಿಳಿ ಗಸಿ ಕೂತಿದೆ. ನಾಳೆ ಅಲುಗಾಡಿಸದೆ ಮೇಲಿನದನ್ನು ಬೇರೆ ಬಾಟಲಿಗೆ ಬಗ್ಗಿಸಿ, ರಾತ್ರಿ ಮತ್ತೆ ಟಾರ್ಚ್ ಹಿಡಿದು ನೋಡುತ್ತೇನೆ.