ಅಹೋರಾತ್ರಿ ಯಕ್ಷಗಾನದ ಟಿಕೆಟ್ ಪ್ರಕಟಣೆ: ಕರಡು ಎಲ್ಲಿಗೆ ಬಂತು

ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ ನಮ್ಮ ಹವ್ಯಾಸಿ ಬಳಗ ಏರ್ಪಡಿಸಿರುವ ಅಹೋರಾತ್ರಿ ಯಕ್ಷಗಾನದ ಚಿತ್ರಫಲಕ ಸಿದ್ಧವಾಗಿದ್ದು, ಅದರ ಕೆಳಗೆ ಹಾಕಬೇಕಾದ ಪ್ರಕಟಣೆಯ ಕೆಲಸ ಈ ವಾರ ನಡೆಯಿತು.

ಹೆಚ್ಚು ಚರ್ಚೆಯಾದದ್ದು ಸಮಯದ ಸಾಲು. ಆಟ ಶನಿವಾರ ರಾತ್ರಿ ಆರಂಭವಾಗಿ ಭಾನುವಾರ ಬೆಳಿಗ್ಗೆ ಮುಗಿಯುವುದರಿಂದ ಒಂದೇ ದಿನಾಂಕ ಕೊಟ್ಟರೆ ಸಾಲದು. ಅದರಲ್ಲೂ ‘ಎರಡನೆಯ ಪ್ರಸಂಗ 1 ಗಂಟೆಗೆ’ ಎಂದಷ್ಟೇ ಬರೆದರೆ, ಅದನ್ನು ಶನಿವಾರದ ಮಧ್ಯಾಹ್ನವೆಂದು ಓದುವವರೂ ಇರುತ್ತಾರೆ. ಆದ್ದರಿಂದ ಪ್ರತಿ ಗಂಟೆಯ ಜೊತೆಗೂ ವಾರ ಮತ್ತು ಹೊತ್ತನ್ನು ಸೇರಿಸಿದೆವು. ಮುಗಿಯುವ ವೇಳೆ ಬೇಡವೆಂದು ಕೆಲವರು ಹೇಳಿದರು; ನಡುರಾತ್ರಿ ಎದ್ದು ಹೊರಟರೆ ಮನೆಗೆ ಬಸ್ಸಿಲ್ಲದ ಊರಿನಲ್ಲಿ ಪ್ರೇಕ್ಷಕರು ಮೊದಲು ಕೇಳುವುದೇ ಅದನ್ನು ಎಂಬುದು ನನ್ನ ವಾದವಾಗಿತ್ತು, ಅದೇ ನಿಂತಿತು.

ಈಗಿನ ಪಾಠ ಹೀಗಿದೆ:

“ಶನಿವಾರ ರಾತ್ರಿ 10ರಿಂದ ಭಾನುವಾರ ಬೆಳಿಗ್ಗೆ 6ರವರೆಗೆ ಅಹೋರಾತ್ರಿ ಯಕ್ಷಗಾನ. ರವೀಂದ್ರ ಕಲಾಕ್ಷೇತ್ರ, ಜೆ.ಸಿ. ರಸ್ತೆ, ಬೆಂಗಳೂರು. ದ್ವಾರ ತೆರೆಯುವುದು ಶನಿವಾರ ರಾತ್ರಿ 9ಕ್ಕೆ. ಮುಂಭಾಗ ₹500, ಹಿಂಭಾಗ ₹300, ಬಾಲ್ಕನಿ ₹200. ಆಯಾ ವಿಭಾಗದೊಳಗೆ ಮೊದಲು ಬಂದವರಿಗೆ ಮೊದಲ ಆಸನ. ಟಿಕೆಟಿಗಾಗಿ ಸಂಜೆ 6ರಿಂದ 9ರೊಳಗೆ ಕರೆ ಮಾಡಿ; ಉಳಿದ ವೇಳೆಯಲ್ಲಿ ವಾಟ್ಸ್‌ಆ್ಯಪ್ ಸಂದೇಶ ಕಳುಹಿಸಿ.”

ಆಸನದ ವಿಷಯದಲ್ಲಿ ‘ಮೊದಲು ಬಂದವರಿಗೆ’ ಎಂಬ ಮಾತು ಯಾವ ವ್ಯಾಪ್ತಿಗೆ ಅನ್ವಯಿಸುತ್ತದೆ ಎಂಬುದೇ ಮುಖ್ಯ. ‘ಆಯಾ ವಿಭಾಗದೊಳಗೆ’ ಎಂಬುದನ್ನು ಬಿಟ್ಟರೆ, ₹200 ಕೊಟ್ಟವರು ಬೇಗ ಬಂದು ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುವುದಕ್ಕೆ ನಾವೇ ಅನುಮತಿ ಕೊಟ್ಟಂತಾಗುತ್ತದೆ, ಆಮೇಲೆ ದ್ವಾರದಲ್ಲಿ ನಿಂತ ಸ್ವಯಂಸೇವಕರು ವಾದಕ್ಕೆ ಉತ್ತರಿಸಬೇಕಾಗುತ್ತದೆ. ದಾನಿಗಳಿಗೆಂದು ಕಾಯ್ದಿರಿಸಿದ ಸಾಲುಗಳನ್ನು ಮಾರಾಟಕ್ಕೆ ಮೊದಲೇ ಲೆಕ್ಕದಿಂದ ತೆಗೆದಿದ್ದೇವೆ. ಪ್ರಕಟಣೆಯಲ್ಲಿ ಅವುಗಳ ಪ್ರಸ್ತಾಪವಿಲ್ಲ.

ದೂರವಾಣಿ ಸಂಖ್ಯೆಯನ್ನು ಚಿತ್ರದಲ್ಲಷ್ಟೇ ಇಟ್ಟರೆ ಓದುಗರು ಅದನ್ನು ನೋಡಿಕೊಂಡು ಒಂದೊಂದೇ ಅಂಕಿ ಒತ್ತಬೇಕಾಗುತ್ತದೆ, ಆದುದರಿಂದ ಅದು ಪಠ್ಯದಲ್ಲೂ ಬರಲಿದೆ. ಫಲಕದ ಅಲಂಕಾರಕ್ಕೆ ಕನ್ನಡ ಅಂಕಿಗಳನ್ನು ಬಳಸಿದ್ದರೂ ಪಠ್ಯದಲ್ಲಿ ಸಂಖ್ಯೆ ರೂಢಿಯ ಅಂಕಿಗಳಲ್ಲೇ ಇರುತ್ತದೆ. ಟಿಕೆಟ್ ನೋಡಿಕೊಳ್ಳುವವರೇ ಆಟದ ರಾತ್ರಿ ಚೌಕಿಯಲ್ಲಿ ಬಣ್ಣ ಹಚ್ಚಿಕೊಂಡು ಕುಳಿತಿರುವುದರಿಂದ, ಆ ದಿನಕ್ಕೆ ದ್ವಾರದ ಬಳಿ ಇರುವವರ ಬೇರೆ ಸಂಖ್ಯೆಯೊಂದು ಬೇಕು. ಹೊಣೆ ಹೊರುವವರು ಗೊತ್ತಾದ ಕೂಡಲೇ ಅದನ್ನು ಸೇರಿಸಿ, ಪ್ರಕಟಣೆಯನ್ನು ಮೊದಲು ಬಳಗದ ಹಿರಿಯರಿಗೆ ಓದಿಸಲಾಗುವುದು. ಬಾಲ್ಕನಿಯ ಟಿಕೆಟ್‌ಗಳನ್ನು ಕೆಳಗಿನ ವಿಭಾಗಗಳು ತುಂಬಿದ ಮೇಲೆಯೇ ತೆರೆಯಬೇಕೆ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಹಾಗೆಂದು ನಿರ್ಧಾರವಾದರೆ ₹200ರ ಮಾತು ಸದ್ಯಕ್ಕೆ ಪಠ್ಯದಿಂದ ಹೊರಗುಳಿಯುತ್ತದೆ.