ಥಲಾಮಸ್ ಬೋರ್ಡ್: ಎಚ್ಚರದ ನಾಬ್ ಕೊನೆಗೂ ದಾರಿಗೆ ಬಂತು

ಕೊನೆಗೂ ನಾಬ್ ತಿರುಗಿಸಿದರೆ ಮಾಡೆಲ್ ಕೋಶ ಬೆಳಕಿನ ಸುದ್ದಿಯನ್ನು ಮುಂದಕ್ಕೆ ಕಳಿಸುತ್ತಿದೆ! ಬೋರ್ಡ್ ಹಳೆಯದೇ. ಕಣ್ಣಿನ ಜಾಗದಲ್ಲಿ ಎಲ್‌ಡಿಆರ್, ಕಣ್ಣಿನ ಸುದ್ದಿಯನ್ನು ಮಿದುಳಿನ ಹೊರಪದರ ಕಾರ್ಟೆಕ್ಸ್‌ಗೆ ದಾಟಿಸುವ ಥಲಾಮಸ್‌ನ ಒಂದು ರಿಲೇ ಕೋಶವನ್ನು ಲೆಕ್ಕ ಹಾಕಲು ಇಎಸ್‌ಪಿ32, ಕಾರ್ಟೆಕ್ಸ್ ಬದಲಿಗೆ ಒಂದು ಎಲ್‌ಇಡಿ. ಎಚ್ಚರ ಏರಿಳಿಸುವ ಮಿದುಳಿನ ಕಾಂಡದ ಪಾತ್ರ ಒಂದು ಪೊಟೆನ್ಶಿಯೋಮೀಟರ್‌ದು, ಅದೇ ಈ ನಾಬ್. ವೈರಿಂಗ್, ಎಡಿಸಿ ಎಲ್ಲ ನಿಮಗೆ ಗೊತ್ತಿರೋದೇ, ಬಿಡಿ.

ಸತಾಯಿಸಿದ್ದು ಒಂದೇ ವಿಷಯ. ಈ ಕೋಶಕ್ಕೆ ಎರಡು ವರಸೆ ಇವೆ. ಪೊರೆಯ ವೋಲ್ಟೇಜ್ −75 ಮಿಲಿವೋಲ್ಟ್ ಹತ್ತಿರ ಇಳಿದು ಸುಮಾರು 100 ಮಿಲಿಸೆಕೆಂಡ್ ಅಲ್ಲೇ ಕೂತರೆ ಟಿ-ಕ್ಯಾಲ್ಸಿಯಂ ಚಾನೆಲ್‌ಗಳು ಸಜ್ಜಾಗುತ್ತವೆ. ಆಗ ಸ್ವಲ್ಪ ಜೋರಾಗಿ ತಳ್ಳಿದರೆ ನಾಲ್ಕಾರು ಸ್ಪೈಕ್‌ಗಳ, ಅಂದರೆ ಕ್ಷಣಿಕ ವಿದ್ಯುತ್ ಮಿಡಿತಗಳ, ಗೊಂಚಲು ಒಮ್ಮೆಲೇ ಹೊಡೆದು ಮತ್ತೆ ಸುಮ್ಮನಾಗುತ್ತದೆ. ಇದು ನಿದ್ದೆಯ ಬರ್ಸ್ಟ್. ಬೆಳಕು ಇನ್ನೂ ಜಾಸ್ತಿಯಾದರೂ ಗೊಂಚಲು ಹೆಚ್ಚುಕಡಿಮೆ ಅಷ್ಟೇ. −60ರ ಹತ್ತಿರ ಎತ್ತಿ ಹಿಡಿದರೆ ಆ ಚಾನೆಲ್‌ಗಳಲ್ಲಿ ಹೆಚ್ಚಿನವು ನಿಷ್ಕ್ರಿಯವಾಗುತ್ತವೆ. ಬೆಳಕು ಹೆಚ್ಚಿದಂತೆ ಸ್ಪೈಕ್‌ಗಳೂ ಒಂದೊಂದಾಗಿ ಚುರುಕಾಗುತ್ತವೆ. 1984ರಲ್ಲಿ ಯಾನ್ಸೆನ್ ಮತ್ತು ಲಿನಾಸ್ ಗಿನಿಪಿಗ್ ಮಿದುಳಿನ ಹೋಳುಗಳಲ್ಲಿ ಇದನ್ನು ತೋರಿಸಿದ್ದರು.

ಹಾಗಾದರೆ ಎಬ್ಬಿಸೋದು ಅಂದರೆ −75ರಿಂದ −60ಕ್ಕೆ ಎತ್ತೋದು, ಅಷ್ಟೇ ಅಲ್ವಾ? ಎತ್ತೋದೇನೋ ಸುಲಭ. 0 ಮಿಲಿವೋಲ್ಟ್ ಕಡೆ ಎಳೆಯುವ ಮಾಮೂಲಿ ಉತ್ತೇಜಕ ಚಾನೆಲ್ ಒಂದನ್ನು ತೆರೆದೆ. ಬರ್ಸ್ಟ್ ನಿಂತಿತು. ಆದರೆ ಎಲ್‌ಡಿಆರ್ ಮೇಲೆ ಟಾರ್ಚ್ ಹಿಡಿದರೂ ಎಲ್‌ಇಡಿ ಮಿನುಗಲೊಲ್ಲದು! ತಲೆ ಕೆಟ್ಟುಹೋಯಿತು.

ಉತ್ತರ ಸಿಕ್ಕಿದ್ದು ಓಮ್ ನಿಯಮದಲ್ಲಿ. ನನ್ನ ಮಾಡೆಲ್‌ನಲ್ಲಿ ಲೆಕ್ಕಕ್ಕೆ ಸುಲಭವಾಗಲೆಂದು ಎರಡೇ ಸೋರಿಕೆ ಇಟ್ಟಿದ್ದೇನೆ. ಪೊಟ್ಯಾಸಿಯಂ ಸೋರಿಕೆ 10 ನ್ಯಾನೊಸೀಮೆನ್ಸ್, ಅದು −100 ಕಡೆ ಎಳೆಯುತ್ತದೆ. ಉಳಿದ ಸೋರಿಕೆ ಇನ್ನೊಂದು 10, ಅದು −50 ಕಡೆ. ಸರಾಸರಿ −75, ಒಟ್ಟು ರೋಧ 50 ಮೆಗಾಓಮ್. ಈಗ ಉತ್ತೇಜಕ ಚಾನೆಲ್‌ನಿಂದ −60ಕ್ಕೆ ಏರಬೇಕಾದರೆ 5 ನ್ಯಾನೊಸೀಮೆನ್ಸ್ ಹೆಚ್ಚುವರಿ ಬೇಕು. ಒಟ್ಟು 25 ಆಗಿ ರೋಧ 40ಕ್ಕೆ ಬೀಳುತ್ತದೆ. 100 ಪಿಕೊಆಂಪ್‌ನ ಬೆಳಕಿನ ಸಂಕೇತ ಬರೀ 4 ಮಿಲಿವೋಲ್ಟ್ ಎತ್ತಿ −56ಕ್ಕೆ ನಿಲ್ಲುತ್ತದೆ. ಸ್ಪೈಕ್ ಹೊಸ್ತಿಲು ಇರುವುದು −53ರಲ್ಲಿ.

ಮಿದುಳು ಬೇರೆ ದಾರಿ ಹಿಡಿಯುತ್ತದೆ. ಮಿದುಳಿನ ಕಾಂಡದಲ್ಲಿ ಪಾನ್ಸ್ ಮತ್ತು ಮಧ್ಯಮಿದುಳು ಸೇರುವಲ್ಲಿರುವ ಕೋಶಗಳು ಥಲಾಮಸ್‌ಗೆ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಸುರಿಯುತ್ತವೆ. ಅದು ಪೊಟ್ಯಾಸಿಯಂ ಸೋರಿಕೆಯನ್ನೇ ಮುಚ್ಚುತ್ತದೆ. ನನ್ನ ಮಾಡೆಲ್‌ನಲ್ಲಿ 10ನ್ನು 2.5ಕ್ಕೆ ಇಳಿಸಿದರೆ ಸರಿಯಾಗಿ −60. ಆದರೆ ಈಗ ಒಟ್ಟು 12.5, ರೋಧ 80. ಅದೇ 100 ಪಿಕೊಆಂಪ್ ಈಗ 8 ಮಿಲಿವೋಲ್ಟ್ ಎತ್ತಿ −52 ಮುಟ್ಟಿಸುತ್ತದೆ. ಸ್ಪೈಕ್ ಬಂತು! ತೂತು ಬಿದ್ದ ತೊಟ್ಟಿಗೆ ಇನ್ನೊಂದು ನಲ್ಲಿ ಜೋಡಿಸುವ ಬದಲು ತೂತಿಗೇ ಬಿರಡೆ ಹಾಕಿದ ಹಾಗೆ. ಬದಲಾಗಿದ್ದು ಎರಡೇ ಸಾಲು:

```c
gK = 10.0 - 7.5 * wake;   // wake: 0..1
V += dt * (gK*(-100 - V) + gL*(-50 - V) + I) / C;
```

ನಿಮ್ಮ ಮಾಡೆಲ್‌ನಲ್ಲೂ ಬರ್ಸ್ಟ್ ನಿಂತು ಕೋಶ ಮೂಕವಾಗಿದ್ದರೆ ವೋಲ್ಟೇಜ್ ಒಂದನ್ನೇ ನೋಡುತ್ತಾ ಕೂರಬೇಡಿ. ಸಣ್ಣ ಕರೆಂಟ್ ಕೊಟ್ಟು ಎಷ್ಟು ಮಿಲಿವೋಲ್ಟ್ ಏರುತ್ತದೆ ಅಂತ ಅಳೆಯಿರಿ.

ಇದರ ನಡುವೆ ಎಸ್‌ಪಿ ರೋಡ್‌ನ ಒಂದು ಅಂಗಡಿ ಲೀನಿಯರ್ ಪಾಟ್ ಕೇಳಿದರೆ ಆಡಿಯೋ ಪಾಟ್ ಕಟ್ಟಿಕೊಟ್ಟಿತ್ತು. ಅರ್ಧ ತಿರುಗಿಸಿದರೂ ಕೋಶ ಗಾಢ ನಿದ್ದೆ, ಕೊನೇ ಚೂರಿನಲ್ಲಿ ದಿಢೀರ್ ಎಚ್ಚರ. ಮಲ್ಟಿಮೀಟರ್ ಇಟ್ಟರೆ 10ಕೆ ಪಾಟ್‌ನ ನಡುವಿನಲ್ಲಿ 5ಕೆ ಬದಲು ಒಂದೂವರೆಯಷ್ಟೇ. ಬದಲಾಯಿಸಿ ಕೊಡಿ ಅಂದರೆ "ಎಲ್ಲಾ ಒಂದೇ ಸಾರ್" ಅಂತ ವಾದ. ಒಂದೇ ಅಲ್ಲ! ಖರೀದಿಸುವಾಗ ಹಿಂದೆ ಬಿ ಅಕ್ಷರ ಇದೆಯಾ ನೋಡಿಕೊಳ್ಳಿ.

ಈ ನಾಬ್ ಪೂರ್ತಿ ಎಚ್ಚರವಲ್ಲ ಅನ್ನೋದನ್ನೂ ಹೇಳಬೇಕು. 1949ರಲ್ಲಿ ಮೊರುಜ್ಜಿ ಮತ್ತು ಮಗೂನ್ ಅರಿವಳಿಕೆಯಲ್ಲಿದ್ದ ಬೆಕ್ಕುಗಳ ಮಿದುಳಿನ ಕಾಂಡಕ್ಕೆ ವಿದ್ಯುತ್ ಕೊಟ್ಟಾಗ ಇಇಜಿಯ ದೊಡ್ಡ ನಿಧಾನ ಅಲೆಗಳು ಸಣ್ಣ, ವೇಗದ ಅಲೆಗಳಾದವು. ಆ ಕೆಲಸ ಥಲಾಮಸ್ ಮೂಲಕವೇ ಆಗುತ್ತದೆ ಅಂತ ಬಹುಕಾಲ ನಂಬಿದ್ದರು. 2011ರಲ್ಲಿ ಇಲಿಗಳ ಥಲಾಮಸ್ ಹಾಳುಮಾಡಿ ನೋಡಿದಾಗ ಎಚ್ಚರ ಬಹುಪಾಲು ಉಳಿದೇ ಇತ್ತು. ಕೋಮಾದಂಥ ಸ್ಥಿತಿ ಬಂದದ್ದು ಪಾನ್ಸ್‌ನಿಂದ ಮುಂಮಿದುಳಿನ ತಳಕ್ಕೆ ಹೋಗುವ ಇನ್ನೊಂದು ದಾರಿ ಕೆಟ್ಟಾಗ. ನನ್ನ ನಾಬ್ ಕಾಯುವುದು ಸುದ್ದಿ ದಾಟುವ ಬಾಗಿಲನ್ನು ಮಾತ್ರ.

ಈಗ ಮನಸ್ಸೆಲ್ಲ ಎರಡನೇ ಬೋರ್ಡ್ ಮೇಲಿದೆ: ಥಲಾಮಸ್ ಸುತ್ತ ಹೊದ್ದಿರುವ ರೆಟಿಕ್ಯುಲಾರ್ ಪದರ. ಅದು ರಿಲೇ ಕೋಶಗಳನ್ನು ಅದುಮುತ್ತದೆ. ಅದೇ ಅಸಿಟೈಲ್‌ಕೋಲಿನ್ ಅಲ್ಲಿ ಉಲ್ಟಾ ಕೆಲಸ ಮಾಡುತ್ತದೆ, ಪೊಟ್ಯಾಸಿಯಂ ಚಾನೆಲ್ ತೆರೆದು ಸುಮ್ಮನಾಗಿಸುತ್ತದೆ. ಎರಡನ್ನೂ ಒಂದೇ ನಾಬ್‌ಗೆ ಜೋಡಿಸಿ ಎಚ್ಚರ ಇಳಿಸುತ್ತಾ ಹೋದರೆ ಸೆಕೆಂಡಿಗೆ 7ರಿಂದ 14 ಬಡಿತದ ಸ್ಪಿಂಡಲ್ ಎಂಬ ನಿದ್ದೆಯ ಅಲೆ ತಾನಾಗಿಯೇ ಹುಟ್ಟಬೇಕು. ಮೊದಲು ಅದುಮುವ ಸಿನಾಪ್ಸ್‌ನ ವೇಗ ಎಷ್ಟಿಡಬೇಕು ಅಂತ ನೋಡಬೇಕು, ಯಾರಾದರೂ ಮಾಡಿದ್ದರೆ ಹೇಳಿ.